‘ಉದ್ಘಾಟಿಸುತ್ತಾರೆ’ ಎಂದರೆ ನಾಳೆ: ತಲೆಬರಹ, ಅಡಿಬರಹಗಳ ಕಾಲ

ಪ್ರಶ್ನೆ: ಜಿಲ್ಲಾ ಪತ್ರಿಕೆಯೊಂದರ ಡೆಸ್ಕಿಗೆ ಸೇರಿ ಎಂಟು ತಿಂಗಳಾಯಿತು. ಸುದ್ದಿಯ ತಲೆಬರಹ ವರ್ತಮಾನ ಕಾಲದಲ್ಲಿರಬೇಕು ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ನಾನು ‘ಸಚಿವರು ಸೇತುವೆ ಉದ್ಘಾಟಿಸುತ್ತಾರೆ’ ಎಂದು ಬರೆದರೆ ಹಿರಿಯರು ಹೊಡೆದುಹಾಕುತ್ತಾರೆ. ಫೋಟೊ ಅಡಿಬರಹದಲ್ಲಿ ‘ಉದ್ಘಾಟಿಸಿದರು’ ಎಂದರೆ ಸರಿ ಅನ್ನುತ್ತಾರೆ, ಒಮ್ಮೊಮ್ಮೆ ‘ಉದ್ಘಾಟಿಸುತ್ತಿರುವುದು’ ಎಂದು ತಿದ್ದುತ್ತಾರೆ. ಕಾರಣ ಕೇಳಿದರೆ ‘ಅಭ್ಯಾಸವಾದರೆ ತಿಳಿಯುತ್ತದೆ’ ಎಂಬ ಉತ್ತರ. ಇದಕ್ಕೆ ನಿಯಮ ಅಂತ ಏನಾದರೂ ಇದೆಯೇ?

ಉತ್ತರ: ನಿಮ್ಮ ಹಿರಿಯರ ಕಿವಿ ಸರಿಯಾಗಿದೆ, ಕಾರಣ ಹೇಳುವ ವ್ಯವಧಾನ ಇಲ್ಲ, ಅಷ್ಟೆ. ಡೆಸ್ಕಿನಲ್ಲಿ ರಾತ್ರಿ ಹತ್ತರ ಮೇಲೆ ಯಾರಿಗೂ ಇರುವುದಿಲ್ಲ.

ಕಾಲೇಜಿನಲ್ಲಿ ನಿಮಗೆ ಹೇಳಿದ್ದು ಇಂಗ್ಲಿಷ್ ಪತ್ರಿಕೆಯ ನಿಯಮ. ಕನ್ನಡದ ‘-ುತ್ತಾರೆ’ ರೂಪಕ್ಕೆ ವ್ಯಾಕರಣದ ಪುಸ್ತಕ ವರ್ತಮಾನ ಎಂದು ಹೆಸರಿಟ್ಟಿದೆ. ಆದರೆ ನಾವು ಮಾತಾಡುವಾಗ ಅದು ಎರಡು ಕೆಲಸ ಮಾಡುತ್ತದೆ. ‘ಅಪ್ಪ ದಿನಾ ಆರಕ್ಕೆ ಏಳುತ್ತಾರೆ’ ಎಂದರೆ ರೂಢಿ. ‘ಅಪ್ಪ ಸೋಮವಾರ ಬರುತ್ತಾರೆ’ ಎಂದರೆ ಮುಂದೆ ಆಗುವುದು. ಈಗಷ್ಟೇ ಆಗಿ ಮುಗಿದದ್ದನ್ನು ಹೇಳಲು ಯಾವ ಕನ್ನಡಿಗನೂ ಆ ರೂಪ ಬಳಸುವುದಿಲ್ಲ. ಹಾಗಾಗಿ ‘ಸಚಿವರು ಸೇತುವೆ ಉದ್ಘಾಟಿಸುತ್ತಾರೆ’ ಎಂದು ಓದಿದವರು ನಾಳೆಯೋ ನಾಡಿದ್ದೋ ಎಂದುಕೊಳ್ಳುತ್ತಾರೆ. ಸೇತುವೆ ನಿನ್ನೆಯೇ ಉದ್ಘಾಟನೆ ಆಗಿದ್ದರೆ ನಿಮ್ಮ ತಲೆಬರಹ ಸುಳ್ಳು ಹೇಳಿದಂತಾಯಿತು. ಅಪಘಾತದ ಸುದ್ದಿಗೆ ಇದೇ ರೂಪ ಹಾಕಿ ನೋಡಿ: ‘ಬಸ್ ಉರುಳಿ ಮೂವರು ಸಾಯುತ್ತಾರೆ’. ಸಿನಿಮಾದ ಕಥೆ ಹೇಳಿದ ಹಾಗಿದೆ, ಅಥವಾ ಜ್ಯೋತಿಷಿಯ ಮಾತಿನ ಹಾಗೆ.

ಹಾಗಾದರೆ ನಮ್ಮ ತಲೆಬರಹದ ಕಾಲ ಯಾವುದು? ಹೆಚ್ಚಿನ ಕನ್ನಡ ತಲೆಬರಹಗಳಲ್ಲಿ ಪೂರ್ಣ ಕ್ರಿಯಾಪದವೇ ಇರುವುದಿಲ್ಲ ಎಂಬುದನ್ನು ಮೊದಲು ಗಮನಿಸಿ. ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಕೂರುತ್ತದೆ, ಲಿಂಗ, ವಚನ, ಗೌರವ ಎಲ್ಲವನ್ನೂ ಬಾಲದಲ್ಲಿ ಕಟ್ಟಿಕೊಂಡಿರುತ್ತದೆ. ಅಷ್ಟು ಉದ್ದದ ಬಾಲಕ್ಕೆ ಎರಡು ಕಾಲಂನಲ್ಲಿ ಜಾಗವಿಲ್ಲ. ಅದಕ್ಕೇ ಡೆಸ್ಕಿನವರು ಬಾಲ ಕತ್ತರಿಸಿ, ಕಾಲವನ್ನು ಬೇರೆ ಕಡೆ ಅಡಗಿಸಿಡುವ ದಾರಿಗಳನ್ನು ಕಂಡುಕೊಂಡರು.

ಮೊದಲನೆಯದು ನಾಮಪದ. ಬಂಧನ, ಸಾವು, ಪಲ್ಟಿ, ವಶ, ತಡೆ, ಚಾಲನೆ, ತೆರೆ, ಅಸ್ತು. ಇವುಗಳಿಗೆ ಕಾಲವೇ ಇಲ್ಲ. ದುರ್ಘಟನೆಗಳಿಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ‘ಬಸ್ ಪಲ್ಟಿ’ ಎಂದರೆ ಆಗಿಹೋದದ್ದೇ, ನಾಳೆಗೆ ಯಾರೂ ಪಲ್ಟಿ ಗೊತ್ತುಮಾಡಿಕೊಂಡಿರುವುದಿಲ್ಲ. ಕಷ್ಟ ಬರುವುದು ಮೊದಲೇ ದಿನ ಗೊತ್ತಾಗಿರುವ ಕೆಲಸಗಳಿಗೆ: ಉದ್ಘಾಟನೆ, ಸಭೆ, ಮತದಾನ, ಭೇಟಿ, ಪ್ರಮಾಣವಚನ. ನಾನು ಡೆಸ್ಕಿಗೆ ಹೊಸಬನಾಗಿದ್ದಾಗ ‘ಹೊಸ ಬಸ್ ನಿಲ್ದಾಣ ಉದ್ಘಾಟನೆ’ ಎಂದು ಹಾಕಿದ್ದೆ. ಕಾರ್ಯಕ್ರಮ ಇದ್ದದ್ದು ಪತ್ರಿಕೆ ಬಂದ ದಿನದ ಸಂಜೆ. ಆಗಲೇ ಮುಗಿದುಹೋಯಿತೆಂದು ತಿಳಿದ ಓದುಗರೊಬ್ಬರು ಬೆಳಿಗ್ಗೆಯೇ ಫೋನ್ ಮಾಡಿ, ‘ಕರೆಯೋಲೆ ಕೊಟ್ಟು ಹಿಂದಿನ ದಿನವೇ ಮುಗಿಸಿಬಿಟ್ಟರಾ’ ಎಂದು ನಮ್ಮನ್ನು ತರಾಟೆಗೆ ತೆಗೆದುಕೊಂಡರು. ಒಂದೇ ಪದ ಸಾಕಿತ್ತು: ‘ಹೊಸ ಬಸ್ ನಿಲ್ದಾಣ ಉದ್ಘಾಟನೆ ಇಂದು’. ಮುಂದೆ ಆಗಬೇಕಾದದ್ದಕ್ಕೆ ದಿನ ಸೇರಿಸಿ, ಆಗಿಹೋದದ್ದಕ್ಕೆ ಸೇರಿಸಬೇಡಿ. ದಿನ ಗೊತ್ತಿಲ್ಲದಿದ್ದರೆ ‘-ಕ್ಕೆ/-ಗೆ’ ಪ್ರತ್ಯಯ ನೆರವಿಗೆ ಬರುತ್ತದೆ. ‘ಉದ್ಘಾಟನೆಗೆ ಸಜ್ಜು’ ಎಂದ ಕೂಡಲೇ ಅದು ಇನ್ನೂ ಆಗಿಲ್ಲ ಎಂಬುದು ಸ್ಪಷ್ಟ.

ಎರಡನೆಯ ದಾರಿ ಕನ್ನಡದ ಸ್ವಂತ ಆಸ್ತಿ. ಶಾಲೆಯಲ್ಲಿ ಕೃದಂತನಾಮ ಎಂದು ಓದಿದ್ದೀರಿ: ಮಾಡಿದ, ಮಾಡುವ, ಮಾಡದ. ಕ್ರಿಯೆಯನ್ನು ಹೆಸರಿನ ಮುಂದೆ ತಂದು ನಿಲ್ಲಿಸುವುದು. ‘ಗೋಡೆ ಕುಸಿದಿದೆ’ ಎನ್ನುವ ಬದಲು ‘ಕುಸಿದ ಗೋಡೆ’. ‘ನದಿ ಉಕ್ಕಿ ಹರಿಯಿತು’ ಎನ್ನುವ ಬದಲು ‘ಉಕ್ಕಿ ಹರಿದ ನದಿ’. ಕಾಲ ಇಲ್ಲಿ ಉಳಿದಿದೆ, ಬಾಲ ಮಾತ್ರ ಹೋಗಿದೆ. ‘ಹರಿದಳೋ, ಹರಿಯಿತೋ’ ಎಂಬ ಗೊಂದಲ ಇಲ್ಲ. ರೈತ ‘ಸತ್ತನು’ ಎನ್ನಬೇಕೋ ‘ಸತ್ತರು’ ಎನ್ನಬೇಕೋ ಎಂಬ ಗೌರವದ ಪ್ರಶ್ನೆಯೂ ಏಳುವುದಿಲ್ಲ. ಇನ್ನೊಂದು ಗುಣ, ಭೂತ ಕೃದಂತವು ಕೆಲಸ ಮುಗಿದದ್ದನ್ನು ಹೇಳುವುದರ ಜೊತೆಗೆ ಅದರ ಫಲ ಈಗಲೂ ಹಾಗೇ ಇದೆ ಎಂಬುದನ್ನೂ ಹೇಳುತ್ತದೆ. ‘ಮುಳುಗಿದ ಸೇತುವೆ’ ಎಂದು ಓದಿದವನು ಆ ದಾರಿಯಲ್ಲಿ ಇವತ್ತು ಹೊರಡುವುದಿಲ್ಲ. ಇಂಗ್ಲಿಷಿನವರು ವರ್ತಮಾನದಿಂದ ತರುವ ತಾಜಾತನವನ್ನು ನಮಗೆ ಈ ರೂಪ ಕೊಡುತ್ತದೆ.

ನಿಷೇಧದ ರೂಪ ಇನ್ನೂ ಚುರುಕು. ‘ಮುಗಿಯದ ಕಾಮಗಾರಿ’, ‘ಸಿಗದ ಪರಿಹಾರ’, ‘ಬಾರದ ಮಳೆ’. ನಿನ್ನೆ ಮುಗಿದಿರಲಿಲ್ಲ, ಇವತ್ತು ಮುಗಿದಿಲ್ಲ, ನಾಳೆ ಮುಗಿಯುವ ಹಾಗೆ ಕಾಣುವುದೂ ಇಲ್ಲ, ಎಲ್ಲವೂ ನಾಲ್ಕು ಅಕ್ಷರದಲ್ಲಿ ಬಂತು. ಹೇಳಿಕೆಗಳ ತಲೆಬರಹದಲ್ಲಿ ಬರುವ ‘ಪಕ್ಷ ಬಿಡೆ’, ‘ಸಹಿಸೆವು’, ‘ಸಚಿವಗಿರಿ ಒಲ್ಲೆ’ ಕೂಡ ಇದೇ ಬಳಗದವು. ಮಾತಿನಲ್ಲಿ ಯಾರೂ ‘ಬಿಡೆ’ ಅನ್ನುವುದಿಲ್ಲ, ‘ಬಿಡಲ್ಲ’ ಎನ್ನುತ್ತಾರೆ. ಹಳೆಯ ರೂಪ ಚಿಕ್ಕದೆಂಬ ಒಂದೇ ಕಾರಣಕ್ಕೆ ತಲೆಬರಹದಲ್ಲಿ ಇನ್ನೂ ಬಾಳುತ್ತಿದೆ. ಬೇಕು, ಬೇಡ, ಸಾಕು, ಇಲ್ಲ ಇವೂ ಬಾಲವಿಲ್ಲದ ಕ್ರಿಯೆಗಳೇ. ಒತ್ತಾಯವನ್ನು ‘ತನಿಖೆಯಾಗಲಿ’ ಎಂಬಲ್ಲಿಗೆ ಮುಗಿಸಬಹುದು, ‘ತನಿಖೆ ನಡೆಸಬೇಕೆಂದು ಒತ್ತಾಯಿಸಿದರು’ ಎಂದು ಎಳೆಯಬೇಕಾಗಿಲ್ಲ.

ಕೃದಂತಕ್ಕೆ ಒಂದು ದೊಡ್ಡ ದೋಷವಿದೆ. ಯಾರು ಮಾಡಿದರು, ಯಾರಿಗೆ ಮಾಡಿದರು ಎಂಬುದನ್ನು ಅದು ಹೇಳುವುದಿಲ್ಲ. ‘ಕರಡಿ ಕೊಂದ ರೈತ’ ಎಂದರೆ ಸತ್ತದ್ದು ಯಾರು? ಕರಡಿಯನ್ನು ಕೊಂದ ರೈತನೂ ಆಗಬಹುದು, ಕರಡಿ ಯಾರನ್ನು ಕೊಂದಿತೋ ಆ ರೈತನೂ ಆಗಬಹುದು. ಎರಡೂ ಶುದ್ಧ ಕನ್ನಡ. ಜಾಗ ಉಳಿಸಲೆಂದು ನಾವು ‘-ಅನ್ನು’ ಪ್ರತ್ಯಯವನ್ನು ಮೊದಲು ಕೀಳುತ್ತೇವೆ, ಈ ಕಟ್ಟಿನಲ್ಲಿ ಮಾತ್ರ ಅದನ್ನು ಕೀಳಲೇಬಾರದು. ‘ಕರಡಿಯ ಕೊಂದ ರೈತ’ ಎಂದು ‘-ಅ’ ಮಾತ್ರ ಉಳಿಸಿದರೂ ಸಾಕು. ಅಥವಾ ‘ಕರಡಿ ದಾಳಿ: ರೈತ ಸಾವು’ ಎಂದು ಕಟ್ಟನ್ನೇ ಬದಲಿಸಿ. ಅಪರಾಧದ ಸುದ್ದಿಯಲ್ಲಿ ಇದು ಬರೀ ಗೊಂದಲಕ್ಕೆ ನಿಲ್ಲುವುದಿಲ್ಲ. ‘ಪತ್ನಿಯನ್ನು ಕೊಂದ ಪತಿ’ ಎಂದು ಬರೆದರೆ ಕೊಲೆ ಮಾಡಿದ್ದು ಅವನೇ ಎಂದು ನೀವೇ ತೀರ್ಪು ಕೊಟ್ಟ ಹಾಗೆ. ಪೊಲೀಸರು ಹಿಡಿದದ್ದಷ್ಟೇ ನಿಮಗೆ ಗೊತ್ತಿದ್ದರೆ ‘ಪತ್ನಿ ಕೊಲೆ ಆರೋಪ: ಪತಿ ಸೆರೆ’ ಎನ್ನಿ. ಮೂರು ಅಕ್ಷರ ಹೆಚ್ಚಾದರೆ ಆಗಲಿ.

ಒಂದು ಉದಾಹರಣೆಯನ್ನು ಮೊದಲಿಂದ ಕೊನೆವರೆಗೆ ನೋಡೋಣ. ಇದು ನಾನೇ ಕಟ್ಟಿದ್ದು, ಆದರೆ ಮಳೆಗಾಲದಲ್ಲಿ ಇಂಥ ಕಾಪಿ ನಿಮ್ಮ ಮೇಜಿಗೂ ಬಂದೇ ಬರುತ್ತದೆ. ಮಂಗಳವಾರ ರಾತ್ರಿಯ ಮಳೆಗೆ ಒಂದು ಊರಿನ ಕೆರೆ ಏರಿ ಒಡೆಯಿತು. 60 ಎಕರೆ ಭತ್ತದ ಗದ್ದೆಗೆ ನೀರು ನುಗ್ಗಿತು. ಕೊಟ್ಟಿಗೆಯಿಂದ ದನ ಬಿಚ್ಚಲು ಹೋದ ರೈತರೊಬ್ಬರು ನೀರಿನಲ್ಲಿ ಕೊಚ್ಚಿಹೋದರು. ಬುಧವಾರವಿಡೀ ಹುಡುಕಿದರೂ ಸಿಗಲಿಲ್ಲ. ಸಚಿವರು ಗುರುವಾರ ಬರುತ್ತಾರೆ. ನೀವು ಬುಧವಾರ ರಾತ್ರಿ ಕುಳಿತು ಗುರುವಾರದ ಪತ್ರಿಕೆಗೆ ಬರೆಯುತ್ತಿದ್ದೀರಿ.

ವರದಿಗಾರ ಕಳಿಸಿದ ತಲೆಬರಹ: ‘ಭಾರಿ ಮಳೆಯಿಂದಾಗಿ ಕೆರೆ ಏರಿ ಒಡೆದು ರೈತನೊಬ್ಬ ನೀರಿನಲ್ಲಿ ಕೊಚ್ಚಿಕೊಂಡು ಹೋಗಿರುವ ಘಟನೆ’. ಮೊದಲು ‘ಘಟನೆ’ ತೆಗೆಯಿರಿ, ಅದರ ಜೊತೆ ‘ಹೋಗಿರುವ’ದ ‘ಇರುವ’ ತಾನಾಗಿ ಬೀಳುತ್ತದೆ. ‘ಮಳೆಯಿಂದಾಗಿ’ ಬೇಡ, ಮಳೆಗಾಲದಲ್ಲಿ ಏರಿ ಮತ್ತೇಕೆ ಒಡೆಯುತ್ತದೆ? ಸುದ್ದಿಯೊಳಗೆ ಅದು ಇದ್ದೇ ಇದೆ. ‘ಒಬ್ಬ’ ಬೇಡ, ‘ರೈತ’ ಎಂದರೆ ಒಬ್ಬನೇ. ‘ನೀರಿನಲ್ಲಿ’ ಕೂಡ ಬೇಡ, ಕೆರೆ ಒಡೆದಾಗ ಕೊಚ್ಚಿಹೋಗುವುದು ನೀರಿನಲ್ಲೇ.

ಉಳಿದದ್ದು: ‘ಕೆರೆ ಏರಿ ಒಡೆದು ಕೊಚ್ಚಿಹೋದ ರೈತ’. ಹದಿಮೂರು ಅಕ್ಷರ.

ಇಲ್ಲೊಂದು ಬಲೆ ಇದೆ. ಇನ್ನೂ ಚಿಕ್ಕದು ಬೇಕೆಂದು ಯಾರಾದರೂ ‘ಕೆರೆ ಒಡೆದು ರೈತ ನೀರುಪಾಲು’ ಎನ್ನಬಹುದು. ನೀರುಪಾಲು ಎಂದರೆ ಸತ್ತ ಎಂದೇ ಓದುಗ ತಿಳಿಯುತ್ತಾನೆ. ಶವ ಸಿಕ್ಕಿಲ್ಲ, ಮನೆಯವರು ಇನ್ನೂ ಕಾಯುತ್ತಿದ್ದಾರೆ. ಚಿಕ್ಕ ಪದಗಳ ಹಣೆಬರಹವೇ ಇದು, ಅಕ್ಷರ ಕಡಿಮೆಯಾದಷ್ಟೂ ಅವು ಹೇಳುವುದು ಹೆಚ್ಚು. ‘ಕಿಡಿ’, ‘ಗರಂ’, ‘ಗುಡುಗು’ ಕೂಡ ಹೀಗೆಯೇ. ಶಾಸಕರು ಮೆಲುದನಿಯಲ್ಲಿ ಒಂದು ಪ್ರಶ್ನೆ ಕೇಳಿದ್ದರೂ ನಾವು ‘ಗುಡುಗು’ ಹಾಕಿಬಿಡುತ್ತೇವೆ.

ಸಾಲು ಮುರಿಯುವ ಜಾಗವನ್ನೂ ನೋಡಿಕೊಳ್ಳಿ. ‘ಕೆರೆ ಏರಿ ಒಡೆದು’ ಒಂದು ಸಾಲು, ‘ಕೊಚ್ಚಿಹೋದ ರೈತ’ ಇನ್ನೊಂದು. ‘ಕೆರೆ ಏರಿ’ ಎಂಬಲ್ಲಿಗೆ ಮೊದಲ ಸಾಲು ಮುಗಿದರೆ, ‘ಏರಿ’ ಎಂಬುದು ಹತ್ತಿ ಎಂಬರ್ಥದ ಕ್ರಿಯೆಯಂತೆ ಕಂಡು, ಕೆರೆಯನ್ನು ಯಾರೋ ಏರಿದ ಹಾಗಾಗುತ್ತದೆ. ಓದುಗ ಮುಗ್ಗರಿಸುವುದು ಅರೆಕ್ಷಣ ಇರಬಹುದು, ಆದರೆ ಅವನು ತಲೆಬರಹಕ್ಕೆ ಕೊಡುವ ಸಮಯವೂ ಅಷ್ಟೇ.

ಉಪಶೀರ್ಷಿಕೆಯಲ್ಲಿ ಉಳಿದ ಮೂರು ಸಂಗತಿ ಬರಬೇಕು, ಮೂರರ ಕಾಲವೂ ಬೇರೆ: ‘60 ಎಕರೆ ಭತ್ತ ಜಲಾವೃತ; ಮುಂದುವರಿದ ಶೋಧ; ಸಚಿವರ ಭೇಟಿ ಇಂದು’. ಗದ್ದೆಗೆ ನೀರು ನುಗ್ಗಿದ್ದು ಆಗಿಹೋದದ್ದು, ‘ಜಲಾವೃತ’ ಎಂದು ಸ್ಥಿತಿಯಾಗಿ ನಿಂತಿತು. ಶೋಧ ನಡೆಯುತ್ತಲೇ ಇದೆ, ಅದಕ್ಕೂ ಭೂತ ಕೃದಂತವೇ ಸಾಕಾಯಿತು. ಭೇಟಿ ಮುಂದಿನದು, ಹಾಗಾಗಿ ದಿನ ಸೇರಿತು. ನೀವು ಬರೆಯುವುದು ಬುಧವಾರವಾದರೂ ‘ನಾಳೆ’ ಅಲ್ಲ, ‘ಇಂದು’. ತಲೆಬರಹದ ದಿನ ಓದುಗನ ದಿನ. ಸುದ್ದಿಯ ಮೊದಲ ವಾಕ್ಯದಲ್ಲಿ ಪೂರ್ಣ ಕ್ರಿಯಾಪದ ಬರುತ್ತದೆ, ಅಲ್ಲಿ ‘ಕೊಚ್ಚಿಹೋಗಿದ್ದಾರೆ’ ಎನ್ನಿ. ‘-ಇದ್ದಾರೆ’ ಎಂಬ ಆ ಕೊನೆ, ಸಂಗತಿ ಇವತ್ತಿಗೂ ಮುಗಿದಿಲ್ಲ ಎಂದು ಹೇಳುತ್ತದೆ. ಎರಡನೇ ವಾಕ್ಯದಿಂದ ‘ಒಡೆಯಿತು, ನುಗ್ಗಿತು, ಹೋದರು’ ಎಂದು ನೇರ ಭೂತಕ್ಕೆ ಇಳಿಯಿರಿ, ಮತ್ತೆ ಹತ್ತಬೇಡಿ.

ಮೂರನೇ ದಿನ ಶವ ಸಿಕ್ಕಿತು ಎಂದಿಟ್ಟುಕೊಳ್ಳಿ. ‘ಕೊಚ್ಚಿಹೋಗಿದ್ದ ರೈತನ ಶವ ಪತ್ತೆ’. ‘ಹೋದ’ ಎನ್ನದೆ ‘ಹೋಗಿದ್ದ’ ಎಂದದ್ದರಿಂದ ಎರಡು ಘಟನೆಗಳ ನಡುವೆ ಅಂತರ ಬಂತು: ಅದು ಹಿಂದಿನದು, ಇದು ಹೊಸದು. ಮುಂದುವರಿದ ಸುದ್ದಿಗಳಲ್ಲಿ ಹಳೆಯದನ್ನು ‘-ಇದ್ದ’ ರೂಪಕ್ಕೆ, ಹೊಸದನ್ನು ನಾಮಪದಕ್ಕೆ ಕೊಡುವುದು ಒಳ್ಳೆಯ ರೂಢಿ. ಇಲ್ಲಿ ನಿಮ್ಮ ವೆಬ್ ಆವೃತ್ತಿಯವರ ಒಂದು ದೂರು ಬರಬಹುದು. ‘ಕೊಚ್ಚಿಹೋಗಿದ್ದ’ ನಮ್ಮ ಕಣ್ಣಿಗೆ ಐದು ಅಕ್ಷರ, ಕಂಪ್ಯೂಟರಿನ ಎಣಿಕೆಯಲ್ಲಿ ಹದಿಮೂರು. ಒತ್ತು, ಗುಣಿತ ಎಲ್ಲವನ್ನೂ ಅದು ಬಿಡಿಬಿಡಿಯಾಗಿ ಎಣಿಸುತ್ತದೆ. ಮಿತಿ ದಾಟಿತು ಎಂಬ ಕೆಂಪು ಸೂಚನೆ ಕಂಡು ಒಳ್ಳೆಯ ಪದ ತೆಗೆಯಬೇಡಿ, ಪರದೆಯ ಮೇಲೆ ಸಾಲು ಎಲ್ಲಿ ಮುರಿಯುತ್ತದೆ ಎಂದು ಕಣ್ಣಾರೆ ನೋಡಿ.

ಈಗ ನಿಮ್ಮ ಅಡಿಬರಹದ ಪ್ರಶ್ನೆ. ತಲೆಬರಹ ಓದುವಾಗ ಓದುಗನ ಮುಂದೆ ಏನೂ ಇಲ್ಲ. ಅಡಿಬರಹಕ್ಕೆ ಬರುವ ಹೊತ್ತಿಗೆ ಅವನು ಚಿತ್ರ ನೋಡಿಯಾಗಿದೆ. ಚಿತ್ರ ಈಗ ಕಣ್ಣೆದುರು ಇದೆ, ಅದರೊಳಗಿನ ಘಟನೆ ನಿನ್ನೆ ಮುಗಿದಿದೆ. ಅಡಿಬರಹದ ಕಾಲ ಕಲಸುಮೇಲೋಗರವಾಗುವುದೆಲ್ಲ ಈ ಎರಡರ ನಡುವೆ.

‘ಸಚಿವರು ಸೇತುವೆ ಉದ್ಘಾಟಿಸುತ್ತಿರುವುದು’ ಎಂಬುದು ಚಿತ್ರವನ್ನು ವರ್ಣಿಸುವ ಹಳೆಯ ರೂಢಿ. ‘ಈ ಚಿತ್ರದಲ್ಲಿ ಕಾಣುವುದು’ ಎಂಬ ಮಾತು ಅದರ ಹಿಂದೆ ಅಡಗಿದೆ. ತಪ್ಪಲ್ಲ, ಆದರೆ ಅದು ವಾಕ್ಯವಾಗಿ ಮುಗಿಯುವುದಿಲ್ಲ, ಉದ್ದವೂ ಹೌದು. ‘ಸಚಿವರು ಮಂಗಳವಾರ ಸೇತುವೆ ಉದ್ಘಾಟಿಸಿದರು’ ಎಂಬುದು ಘಟನೆಯನ್ನು ಹೇಳುವ ರೀತಿ. ಇದರಲ್ಲಿ ದಿನ ಸೇರಿಸಲು ಜಾಗವಿದೆ, ಮುಂದಿನ ವಾಕ್ಯವನ್ನೂ ಇದಕ್ಕೆ ಸಲೀಸಾಗಿ ಜೋಡಿಸಬಹುದು. ನನ್ನ ಮತ ಎರಡನೆಯದಕ್ಕೆ. ನಿಮ್ಮ ಪತ್ರಿಕೆ ಮೊದಲನೆಯದನ್ನೇ ಹಿಡಿದಿದ್ದರೆ ಅದನ್ನೇ ಬರೆಯಿರಿ, ಒಂದೇ ಪುಟದಲ್ಲಿ ಎರಡೂ ಇರಬಾರದು ಅಷ್ಟೇ. ಕೈಬಿಡಬೇಕಾದದ್ದು ‘ಉದ್ಘಾಟಿಸುತ್ತಿದ್ದಾರೆ’ ಎಂಬುದನ್ನು. ಇದು ಟಿ.ವಿ. ನೇರಪ್ರಸಾರದ ಮಾತು, ಬೆಳಗಿನ ಪತ್ರಿಕೆ ಓದುವವನಿಗೆ ಸಚಿವರು ಇಡೀ ರಾತ್ರಿ ಕತ್ತರಿ ಹಿಡಿದು ನಿಂತೇ ಇದ್ದಾರೇನೋ ಅನ್ನಿಸುತ್ತದೆ.

ಜನ, ಕೆಲಸ ಏನೂ ಇಲ್ಲದ, ಬರೀ ನೋಟದ ಚಿತ್ರಕ್ಕೆ ಕ್ರಿಯಾಪದವೇ ಬೇಡ. ನಮ್ಮ ಕೆರೆಯ ಚಿತ್ರಕ್ಕೆ ‘ಮಂಗಳವಾರ ರಾತ್ರಿಯ ಮಳೆಗೆ ಏರಿ ಒಡೆದ ಕೆರೆ’ ಎಂದರೆ ಮುಗಿಯಿತು, ಕೊನೆಗೆ ಪೂರ್ಣವಿರಾಮವೂ ಬೇಡ. ಇದಕ್ಕೆ ‘ಕಂಡುಬಂದ ದೃಶ್ಯ’ ಎಂದು ಬಾಲ ಅಂಟಿಸುವವರಿದ್ದಾರೆ. ದೃಶ್ಯ ಎಂದು ಹೇಳಲು ಚಿತ್ರವೇ ಇದೆಯಲ್ಲ.

ದೋಣಿಯಲ್ಲಿ ಹುಡುಕುವ ಚಿತ್ರಕ್ಕೆ ಬಂದ ಬರಹ ಹೀಗಿತ್ತು ಎನ್ನಿ: ‘ಅಗ್ನಿಶಾಮಕ ಸಿಬ್ಬಂದಿ ಸ್ಥಳಕ್ಕೆ ಭೇಟಿ ನೀಡಿ ಶೋಧ ಕಾರ್ಯಾಚರಣೆಯನ್ನು ನಡೆಸುತ್ತಿರುವುದು. ತಹಶೀಲ್ದಾರ್ ಉಪಸ್ಥಿತರಿದ್ದರು’. ಮೊದಲ ವಾಕ್ಯ ಚಿತ್ರದೊಳಗಿದೆ, ಎರಡನೆಯದು ಥಟ್ಟನೆ ನಿನ್ನೆಗೆ ಜಿಗಿಯಿತು. ನೀಡಿ, ನಡೆಸಿ, ಕೈಗೊಂಡು ಎಂಬ ಈ ಊರುಗೋಲುಗಳನ್ನು ತೆಗೆದರೆ ಕ್ರಿಯೆ ತನ್ನ ಕಾಲ ಮೇಲೆ ನಿಲ್ಲುತ್ತದೆ: ‘ಕೊಚ್ಚಿಹೋದ ರೈತನಿಗಾಗಿ ಅಗ್ನಿಶಾಮಕ ಸಿಬ್ಬಂದಿ ಬುಧವಾರ ದೋಣಿಯಲ್ಲಿ ಹುಡುಕಿದರು. ತಹಶೀಲ್ದಾರ್ ಇದ್ದರು’. ‘ಪರಿಶೀಲನೆ ನಡೆಸಿದರು’ ಎಂಬುದೂ ಹೀಗೆಯೇ ‘ಪರಿಶೀಲಿಸಿದರು’ ಆಗುತ್ತದೆ, ಎಷ್ಟೋ ಸಲ ‘ನೋಡಿದರು’ ಎಂದರೇ ಸರಿಹೋಗುತ್ತದೆ.

‘ಇದ್ದರು’ ಮತ್ತು ‘ಇದ್ದಾರೆ’ ಬೇರೆ ಬೇರೆ. ‘ತಹಶೀಲ್ದಾರ್ ಇದ್ದರು’ ಎಂದರೆ ಆ ಸ್ಥಳದಲ್ಲಿದ್ದರು, ಚಿತ್ರದಲ್ಲಿ ಕಾಣದೆಯೂ ಇರಬಹುದು. ‘ತಹಶೀಲ್ದಾರ್ ಚಿತ್ರದಲ್ಲಿದ್ದಾರೆ’ ಎಂದರೆ ಓದುಗ ಅವರನ್ನು ಹುಡುಕುತ್ತಾನೆ, ಕಾಣಲೇಬೇಕು. ಚಿತ್ರವನ್ನು ಬದಿಯಲ್ಲಿ ಕತ್ತರಿಸಿ ಎರಡು ಕಾಲಂಗೆ ಕೂರಿಸುವಾಗ ತಹಶೀಲ್ದಾರರು ಕತ್ತರಿಗೆ ಸಿಕ್ಕಿ, ಅಡಿಬರಹದಲ್ಲಿ ಮಾತ್ರ ಉಳಿಯುವುದು ವಾರಕ್ಕೊಮ್ಮೆಯಾದರೂ ನಡೆಯುತ್ತದೆ. ಚಿತ್ರ ಪುಟಕ್ಕೆ ಕೂತ ಮೇಲೆ ಇನ್ನೊಮ್ಮೆ ತಲೆ ಎಣಿಸಿ. ‘ಎಡದಿಂದ’ ಎಂದು ಹೆಸರು ಕೊಟ್ಟಿದ್ದರಂತೂ ಎಣಿಸಲೇಬೇಕು.

ತಲೆಬರಹದಲ್ಲಿ ತಪ್ಪಿಸಿಕೊಂಡಿದ್ದ ಗೌರವದ ಪ್ರಶ್ನೆ ಅಡಿಬರಹದಲ್ಲಿ ಎದುರಿಗೆ ಬಂದು ನಿಲ್ಲುತ್ತದೆ, ಏಕೆಂದರೆ ಇಲ್ಲಿ ಕ್ರಿಯಾಪದಕ್ಕೆ ಬಾಲ ಮರಳಿದೆ. ಸಚಿವರು ‘ಬಂದರು’, ಕೂಲಿಕಾರ ‘ಬಂದನು’ ಎಂದು ಒಂದೇ ಪುಟದಲ್ಲಿ ಅಚ್ಚಾಗುವುದನ್ನು ನಾನು ಒಪ್ಪುವುದಿಲ್ಲ. ದೊಡ್ಡವರಾದ ಎಲ್ಲರಿಗೂ ‘-ಅರು’. ಮಕ್ಕಳಿಗೆ ಏಕವಚನ ಇರಲಿ. ಆರೋಪಿಗಳಿಗೆ ಏಕವಚನ ಬಳಸುವ ಡೆಸ್ಕುಗಳಿವೆ, ನ್ಯಾಯಾಲಯಕ್ಕೆ ಮೊದಲೇ ನಾವು ಮರ್ಯಾದೆ ಕಳೆಯುವುದು ಸರಿಯಲ್ಲ ಎಂದೇ ನನ್ನ ವಾದ. ಈ ವಿಷಯದಲ್ಲಿ ಎಷ್ಟೋ ಸಂಪಾದಕರ ಜೊತೆ ಜಗಳವಾಡಿದ್ದೇನೆ, ಅರ್ಧದಷ್ಟರಲ್ಲಿ ಸೋತಿದ್ದೇನೆ.

ಕೊನೆಯದಾಗಿ, ನಿಮ್ಮ ತಲೆಬರಹ ಪತ್ರಿಕೆಯಿಂದ ನೇರವಾಗಿ ವೆಬ್‌ಗೆ ಹೋಗುವುದಾದರೆ ‘ಇಂದು’, ‘ನಾಳೆ’ ಎರಡನ್ನೂ ಅಲ್ಲಿ ವಾರದ ಹೆಸರಿಗೋ ತಾರೀಖಿಗೋ ಬದಲಿಸಿಕೊಳ್ಳಿ. ಪತ್ರಿಕೆ ಮರುದಿನ ರದ್ದಿಗೆ ಹೋಗುತ್ತದೆ. ವೆಬ್‌ನಲ್ಲಿ ‘ಸಚಿವರ ಭೇಟಿ ಇಂದು’ ಎಂಬ ಸಾಲು ಆರು ತಿಂಗಳ ಮೇಲೂ ಹುಡುಕಿದವರಿಗೆ ಸಿಗುತ್ತದೆ, ಕೆರೆಯ ಏರಿ ಅಷ್ಟರಲ್ಲಿ ದುರಸ್ತಿ ಆಗಿದ್ದರೂ ಆಗಿರಬಹುದು.